ಛಾಯಾಚಿತ್ರದ ಪಾಕವಿಧಿಯೂ ಪಂಕ್ತಿಯ ಹುಗ್ಗಿಯೂ

ಸೂಪಾ ಸೀಮೆಯ ಊರುಗಳು ಕಾಡಿನ ನಡುವೆ ದೂರದೂರವಾಗಿ ಹರಡಿಕೊಂಡಿವೆ. ಪಂಕ್ತಿ ಕುಳಿತ ಮೇಲೆ ಬೆಲ್ಲ ಸಾಲದೆಂದು ಅಂಗಡಿಗೆ ಓಡುವಂತಿಲ್ಲ. ಆದುದರಿಂದ ಸಾಮಗ್ರಿಯ ಪಟ್ಟಿಯನ್ನು ಮುಂಚಿತವಾಗಿಯೇ ಗ್ರಾಂಗಳಲ್ಲಿ ನಿಶ್ಚಯಿಸಿಕೊಳ್ಳಬೇಕು. ಈಗಲಾದರೋ ಪಾಕವಿಧಿಯು ಅನೇಕ ವೇಳೆ ಕೈಬರಹದ ಪುಟವೊಂದರ ಛಾಯಾಚಿತ್ರವಾಗಿ ಮೊಬೈಲಿನಲ್ಲಿ ಬರುತ್ತದೆ. ಅದರಲ್ಲಿನ ಅಳತೆ ಕಪ್ಪು ಮತ್ತು ಚಮಚಗಳದು. 8 ಜನರಿಗೆಂದು ಬರೆದ ಗೋಧಿ ಹುಗ್ಗಿಯನ್ನು 60 ಜನರ ಪಂಕ್ತಿಗೆ ಹೊಂದಿಸುವ ಬಗೆಯನ್ನು ಇಲ್ಲಿ ನೋಡೋಣ.

ಪುಟದಲ್ಲಿರುವುದಿಷ್ಟು: ಕುಟ್ಟಿದ ಗೋಧಿ 2 ಕಪ್ಪು, ಬೆಲ್ಲದ ಪುಡಿ 2 ಕಪ್ಪು, ನೀರು 6 ಕಪ್ಪು, ತುಪ್ಪ 4 ಟೇ. ಚಮಚ, ಏಲಕ್ಕಿ ಪುಡಿ 1 ಟೀ. ಚಮಚ.

ಮೊದಲಿನ ಕೆಲಸ ಗಣಿತವಲ್ಲ, ಓದು. ‘ಟೀ’ ಮತ್ತು ‘ಟೇ’ ಇವೆರಡಕ್ಕೂ ದೀರ್ಘದ ಗುರುತು ಒಂದೇ. ಭೇದವೆಲ್ಲ ಗುಡಿಸು ಮತ್ತು ಎತ್ವಗಳಲ್ಲಿದೆ. ಮಸುಕಾದ ಚಿತ್ರದಲ್ಲಿ ಮೊದಲು ಅಳಿಸಿಹೋಗುವುದೂ ಅದೇ. ಟೀ ಚಮಚವೆಂದರೆ 5 ಮಿಲಿಲೀಟರು, ಟೇಬಲ್ ಚಮಚವೆಂದರೆ 15. ಒಂದು ಟೀ ಚಮಚ ಏಲಕ್ಕಿ ಪುಡಿ ಸುಮಾರು 2 ಗ್ರಾಂ ತೂಗುತ್ತದೆ. 60 ಜನರಿಗೆ ಅದು 15 ಗ್ರಾಂ. ಓದಿನಲ್ಲಿ ತಪ್ಪಿದರೆ 45 ಗ್ರಾಂ ಆಗಿ, ಹಂಡೆಯ ಹುಗ್ಗಿಯೆಲ್ಲ ಕಹಿಯಾಗುವುದು. ಸಂಶಯ ಬಂದಾಗ ಅದೇ ಪುಟದ ತುಪ್ಪದ ಸಾಲಿನ ಅಕ್ಷರದೊಡನೆ ಹೋಲಿಸಿ ನೋಡಬೇಕು. ಒಂದೇ ಕೈಯ ಬರಹವಾದುದರಿಂದ ಭೇದ ಬೇಗನೆ ತಿಳಿಯುತ್ತದೆ.

60ನ್ನು 8ರಿಂದ ಭಾಗಿಸಿದರೆ ಏಳೂವರೆ. ಆದರೆ ಗುಣಿಸುವ ಮುನ್ನ ಪ್ರತಿಯೊಂದನ್ನೂ ತೂಕಕ್ಕೆ ತರಬೇಕು. ಕಪ್ಪು ಗಾತ್ರದ ಅಳತೆ, ಗ್ರಾಂ ತೂಕದ ಅಳತೆ. 240 ಮಿಲಿಲೀಟರಿನ ಕಪ್ಪಿನಲ್ಲಿ ನೀರು 240 ಗ್ರಾಂ ತೂಗಿದರೆ ಕುಟ್ಟಿದ ಗೋಧಿ ಸುಮಾರು 180 ಗ್ರಾಂ ಮಾತ್ರ. ಆದುದರಿಂದ ಗೋಧಿ 360 ಗ್ರಾಂ, ಗುಣಿಸಿದರೆ 2 ಕಿಲೋ 700 ಗ್ರಾಂ. ತುಪ್ಪ ನೀರಿಗಿಂತ ಹಗುರ. 4 ಟೇಬಲ್ ಚಮಚಕ್ಕೆ 55 ಗ್ರಾಂ, ಪಂಕ್ತಿಗೆ ಸುಮಾರು 410.

ತೊಡಕಿರುವುದು ಬೆಲ್ಲದಲ್ಲಿ. ಸಡಿಲವಾಗಿ ತುಂಬಿದರೆ ಕಪ್ಪಿಗೆ 160 ಗ್ರಾಂ, ಅದುಮಿ ತುಂಬಿದರೆ 210 ಗ್ರಾಂ ಹಿಡಿಯಬಹುದು. ಒಂದು ಮನೆಯ ಅಡುಗೆಯಲ್ಲಿ ಈ ಅಂತರ ನಾಲಗೆಗೆ ಅಷ್ಟಾಗಿ ತಿಳಿಯದು. ಏಳೂವರೆ ಪಟ್ಟಾದಾಗ ಎರಡು ಕಪ್ಪಿಗೆ ಮುಕ್ಕಾಲು ಕಿಲೋ ಬೆಲ್ಲವೇ ಹೆಚ್ಚುಕಡಿಮೆಯಾಗುತ್ತದೆ. ಪುಟ ಈ ವಿಷಯವನ್ನು ಹೇಳುವುದಿಲ್ಲ. ಆದಕಾರಣ ಪಾಕ ಬರೆದವರ ಮನೆಯ ಕಪ್ಪನ್ನೇ ತರಿಸಿ, ಅವರು ತುಂಬುವಂತೆಯೇ ತುಂಬಿ, ಬರಿಯ ಕಪ್ಪಿನ ತೂಕವನ್ನು ಕಳೆದು ತೂಗುವುದೊಂದೇ ದಾರಿ. ಅದು ಸಾಧ್ಯವಾಗದಿದ್ದಲ್ಲಿ 2 ಕಿಲೋ 400 ಗ್ರಾಂ ಬೆಲ್ಲವನ್ನು ಹಾಕಿ, ಉಳಿದ ಮುಕ್ಕಾಲು ಕಿಲೋವನ್ನು ಬಳಿಯಲ್ಲಿಟ್ಟುಕೊಂಡು ರುಚಿ ನೋಡಿ ಸೇರಿಸುವುದು ಲೇಸು.

ನೀರು ಮಾತ್ರ ಗುಣಾಕಾರಕ್ಕೆ ಪೂರ್ತಿ ಒಗ್ಗದು. ಲೆಕ್ಕದಂತೆ 10 ಲೀಟರಿಗೂ ಮೀರುತ್ತದೆ. ಆದರೆ ಆಳವಾದ ಹಂಡೆಯಲ್ಲಿ ಪಾಕದ ಮೊತ್ತಕ್ಕೆ ಹೋಲಿಸಿದರೆ ಆವಿಯಾಗಿ ಹೋಗುವ ಪಾಲು ಸಣ್ಣ ಪಾತ್ರೆಗಿಂತ ಕಡಿಮೆ. 9 ಲೀಟರಿನಿಂದ ಆರಂಭಿಸಿ, ಮಿಕ್ಕುದನ್ನು ಕುದಿಸಿ ಪಕ್ಕದಲ್ಲಿಡಬೇಕು. ಕಾಳನ್ನು ಬೆರಳುಗಳ ನಡುವೆ ಒತ್ತಿದಾಗ ನಡುವೆ ಗಟ್ಟಿಯಿಲ್ಲದೆ ನುರಿದ ಮೇಲೆಯೇ ಬೆಲ್ಲ ಬೀಳಬೇಕು. ಬೆಲ್ಲ ಬಿದ್ದ ಬಳಿಕ ಕಾಳು ಮೆತ್ತಗಾಗುವುದು ಬಹು ಕಷ್ಟ.