ಪ್ಯಾಕೆಟ್ ಹಿಂದೆ ಎರಡು ಹೆಸರು ಯಾಕೆ?

ಕಳೆದ ಇಂಟರ್ನಲ್ಸ್ ಟೈಮಲ್ಲಿ ನನ್ನ ರೂಮ್‌ಮೇಟ್ ಎರಡು ಪ್ಯಾಕೆಟ್ ಬಟರ್ ಬಿಸ್ಕೆಟ್ ತಂದಿದ್ದ. ಎರಡೂ 150 ಗ್ರಾಂ. ಒಂದು ಟಿವಿ ಜಾಹೀರಾತಲ್ಲಿ ಬರೋ ಬ್ರ್ಯಾಂಡ್, 40 ರೂಪಾಯಿ. ಇನ್ನೊಂದು ಸೂಪರ್‌ಮಾರ್ಕೆಟ್‌ನವರದ್ದೇ ಹೆಸರಿನದು, 28 ರೂಪಾಯಿ. ಹಿಂದೆ ತಿರುಗಿಸಿ ನೋಡಿದ್ರೆ ತಯಾರಿಸಿದ ಫ್ಯಾಕ್ಟರಿಯ ವಿಳಾಸ ಎರಡರಲ್ಲೂ ಒಂದೇ!

"ನೋಡಿದ್ಯಾ, ಒಳಗಿರೋದು ಒಂದೇ ಮಾಲು. ಸುಮ್ನೆ 12 ರೂಪಾಯಿ ದಂಡ" ಅಂದ. ಅವನು ಹೇಳಿದ್ದು ಅರ್ಧ ಸರಿ, ಅರ್ಧ ತಪ್ಪು.

ಮೊದಲು ಆ ಎರಡು ಸಾಲುಗಳ ಅರ್ಥ ನೋಡೋಣ. 'ಮ್ಯಾನುಫ್ಯಾಕ್ಚರ್ಡ್ ಬೈ' ಅಂದರೆ ಹಿಟ್ಟು ಕಲಸಿ, ಓವನ್‌ನಲ್ಲಿ ಬೇಯಿಸಿ, ಪ್ಯಾಕ್ ಮಾಡಿದವರು. 'ಮಾರ್ಕೆಟೆಡ್ ಬೈ' ಅಂದರೆ ತಮ್ಮ ಹೆಸರಲ್ಲಿ ಅದನ್ನು ಮಾರುವವರು. ಇವರಿಗೆ ಒಂದೂ ಓವನ್ ಇಲ್ಲದೇ ಇರಬಹುದು. ಹೀಗೆ ಇನ್ನೊಬ್ಬರ ಹೆಸರಿಗೆ ಮಾಡಿಕೊಡೋದೇ ಕಾಂಟ್ರ್ಯಾಕ್ಟ್ ಮ್ಯಾನುಫ್ಯಾಕ್ಚರಿಂಗ್. ಮಾಡಿಸುವವನು ಅಂಗಡಿಯವನೇ ಆಗಿದ್ದರೆ ಆ ಮಾಲಿಗೆ ಪ್ರೈವೇಟ್ ಲೇಬಲ್ ಅಂತಾರೆ. ಬಿಗ್‌ಬಾಸ್ಕೆಟ್‌ನ 'ಬಿಬಿ ರಾಯಲ್' ಇಂಥದ್ದೇ.

ಫ್ಯಾಕ್ಟರಿಯವನು ಯಾಕೆ ಒಪ್ಪುತ್ತಾನೆ? ಬಿಸ್ಕೆಟ್ ಓವನ್ ಅಂದರೆ ಉದ್ದದ ಸುರಂಗ. ಒಳಗೆ ಬೆಲ್ಟ್ ಓಡ್ತಾ ಇರುತ್ತೆ. ಅದನ್ನು ಬಿಸಿ ಮಾಡೋಕೆ ಹೊತ್ತು, ಇಂಧನ ಎರಡೂ ಬೇಕು. ಒಂದು ಬ್ರ್ಯಾಂಡ್‌ನ ಆರ್ಡರ್ ಮುಗಿದು ಲೈನ್ ಖಾಲಿ ನಿಂತರೂ ಸಾಲದ ಕಂತು ನಿಲ್ಲಲ್ಲ. ಅದಕ್ಕೇ ಉಳಿದ ಶಿಫ್ಟ್‌ಗಳನ್ನು ಇನ್ನೊಬ್ಬರಿಗೆ ಕೊಡ್ತಾನೆ. ಕೆಲವು ಒಪ್ಪಂದಗಳಲ್ಲಿ ಮೈದಾ, ಸಕ್ಕರೆ, ರ‍್ಯಾಪರ್ ಎಲ್ಲವನ್ನೂ ಬ್ರ್ಯಾಂಡ್‌ನವರೇ ಕಳಿಸ್ತಾರೆ. ಫ್ಯಾಕ್ಟರಿಗೆ ಕೆಜಿಗೆ ಇಷ್ಟು ಅಂತ ಕೂಲಿ ಸಿಗುತ್ತೆ, ಅಕ್ಕಿ ಕೊಟ್ಟು ಹಿಟ್ಟು ಬೀಸಿಸಿಕೊಂಡು ಬರೋ ಹಾಗೆ. ಇನ್ನು ಕೆಲವರು ಸಿದ್ಧವಾದ ಮಾಲನ್ನೇ ಕೊಂಡುಕೊಳ್ತಾರೆ.

ರೂಮ್‌ಮೇಟ್ ತಪ್ಪಿದ್ದು ಇಲ್ಲೇ. ಓವನ್ ಒಂದೇ ಇರಬಹುದು, ಆದರೆ ಯಾವುದನ್ನು ಎಷ್ಟು ಹಾಕಬೇಕು ಅನ್ನೋ ಸ್ಪೆಸಿಫಿಕೇಷನ್ ಮಾಡಿಸುವವರದ್ದು. ಪದಾರ್ಥಗಳ ಪಟ್ಟಿ ಓದಿದೆವು. ತೂಕದಲ್ಲಿ ಹೆಚ್ಚಿರೋದು ಮೊದಲು, ಕಡಿಮೆ ಇರೋದು ಕೊನೆಗೆ ಅನ್ನೋ ಕ್ರಮದಲ್ಲಿ ಅದನ್ನು ಬರೀಬೇಕು ಅಂತ ನಿಯಮ ಇದೆ. ದುಬಾರಿ ಪ್ಯಾಕೆಟ್‌ನಲ್ಲಿ ಬೆಣ್ಣೆ 12%. ಅಗ್ಗದ್ದರಲ್ಲಿ ಬೆಣ್ಣೆ 2%, ಅದಕ್ಕಿಂತ ಮುಂದೆ ಪಾಮ್ ಎಣ್ಣೆ. ಅಂದರೆ ಮಾಲು ಬೇರೆಯೇ. ಹಾಗಂತ 12 ರೂಪಾಯಿ ಪೂರ್ತಿ ಬೆಣ್ಣೆಗೇ ಹೋಯ್ತು ಅಂತಲೂ ಅಲ್ಲ, ಜಾಹೀರಾತು ಮತ್ತು ಡಿಸ್ಟ್ರಿಬ್ಯೂಟರ್ ಕಮಿಷನ್ ಕೂಡ ಅದರಲ್ಲಿದೆ. ಪಟ್ಟಿಯೂ ಪೋಷಕಾಂಶದ ಟೇಬಲ್ಲೂ ಎರಡರಲ್ಲಿ ಒಂದೇ ಥರ ಇದ್ದಿದ್ದರೆ ಅವನ ವಾದಕ್ಕೆ ಬಲ ಬರ್ತಿತ್ತು.

ಇದೆಲ್ಲ ಬರೀ ದುಡ್ಡಿನ ವಿಷಯ ಅಂದ್ಕೊಂಡಿದ್ದೆ. ಆಮೇಲೆ ನಮ್ಮ ವಿಂಗ್‌ನ ಜೂನಿಯರ್ ಒಬ್ಬನ ಕಥೆ ಕೇಳಿದೆ. ಅವನಿಗೆ ಕಡಲೆಕಾಯಿ ಅಲರ್ಜಿ. ಒಂದು ಅಂಗಡಿಯ ಪ್ರೈವೇಟ್ ಲೇಬಲ್ ಕುಕೀಸನ್ನು ತಿಂಗಳುಗಟ್ಟಲೆ ಆರಾಮಾಗಿ ತಿಂತಿದ್ದ. ಒಂದು ದಿನ ಅದೇ ರ‍್ಯಾಪರ್, ಅದೇ ಬಣ್ಣ, ತಿಂದ ಅರ್ಧ ಗಂಟೆಯಲ್ಲಿ ತುಟಿ ಊದಿತು. ಔಷಧಿ ಹತ್ತಿರವೇ ಇದ್ದಿದ್ದರಿಂದ ಬಚಾವಾದ. ಹಳೇ ಪ್ಯಾಕೆಟ್ ಜೊತೆ ಹೋಲಿಸಿದಾಗ ಗೊತ್ತಾಯ್ತು, ಅಂಗಡಿಯವರು ಫ್ಯಾಕ್ಟರಿ ಬದಲಿಸಿದ್ದರು. ಹೊಸ ಪ್ಯಾಕೆಟ್‌ನಲ್ಲಿ 'ಕಡಲೆಕಾಯಿ ಇರಬಹುದು' ಅನ್ನೋ ಚಿಕ್ಕ ಸಾಲು ಸೇರಿತ್ತು. ಒಂದೇ ಲೈನ್‌ನಲ್ಲಿ ಕಡಲೆಕಾಯಿ ಬಿಸ್ಕೆಟ್ ಕೂಡ ಓಡಿದರೆ, ತೊಳೆದರೂ ಪುಡಿ ಸ್ವಲ್ಪ ಉಳೀಬಹುದು. ಮುಂದುಗಡೆಯ ಹೆಸರು ಬದಲಾಗದೇ ಇದ್ರೂ ಹಿಂದುಗಡೆ ಬದಲಾಗಿತ್ತು.

ಫ್ಯಾಕ್ಟರಿ ಬದಲಾಗಿದ್ದು ಗೊತ್ತಾಗೋದು ಹೇಗೆ? ಒಂದು, ಬ್ಯಾಚ್ ನಂಬರ್. ಹಲವು ಕಡೆ ಮಾಡಿಸುವ ಬ್ರ್ಯಾಂಡ್‌ಗಳು ಎ, ಬಿ, ಸಿ ಅಂತ ವಿಳಾಸಗಳ ಪಟ್ಟಿ ಹಾಕಿ, 'ಬ್ಯಾಚ್ ನಂಬರ್‌ನ ಮೊದಲ ಅಕ್ಷರ ನೋಡಿ' ಅಂತ ಬರೆದಿರ್ತಾರೆ. ಬ್ಯಾಚ್ 'ಬಿ'ಯಿಂದ ಶುರುವಾದರೆ ಆ ಪ್ಯಾಕೆಟ್ ಬಂದಿದ್ದು ಬಿ ವಿಳಾಸದಿಂದ.

ಇನ್ನೊಂದು, ಎಫ್‌ಎಸ್‌ಎಸ್‌ಎಐ ಲೈಸೆನ್ಸ್‌ನ 14 ಅಂಕಿ. ಬ್ರ್ಯಾಂಡ್‌ನವರು ಬೇರೆ, ತಯಾರಿಸಿದವರು ಬೇರೆ ಆದರೆ ತಯಾರಿಸಿದವರ ನಂಬರ್ ಕೂಡ ಲೇಬಲ್ ಮೇಲೆ ಇರಬೇಕು. ಮೊದಲ ಅಂಕಿ 1 ಇದ್ದರೆ ಲೈಸೆನ್ಸ್, 2 ಇದ್ದರೆ ಸಣ್ಣವರ ನೋಂದಣಿ. ಮುಂದಿನ ಎರಡು ಅಂಕಿ ರಾಜ್ಯ, ಆಮೇಲಿನ ಎರಡು ವರ್ಷ. 11221 ಅಂತ ಶುರುವಾದರೆ ಕರ್ನಾಟಕದಲ್ಲಿ 2021ರಲ್ಲಿ ಕೊಟ್ಟ ಲೈಸೆನ್ಸ್. 100 ಅಂತ ಶುರುವಾದರೆ ಕೇಂದ್ರದ ಲೈಸೆನ್ಸ್, ಆಗ ಆ ಎರಡು ಅಂಕಿ ನೋಡಿ ರಾಜ್ಯ ಹೇಳೋಕಾಗಲ್ಲ. ಪೂರ್ತಿ ನಂಬರನ್ನು foscos.fssai.gov.in ನಲ್ಲಿ ಹಾಕಿ ಹುಡುಕಿದರೆ ಅದು ಯಾರದ್ದು ಅಂತ ಸಿಗುತ್ತೆ.

ಪ್ಯಾಕೆಟ್‌ನಲ್ಲಿ ಏನಾದರೂ ದೋಷ ಕಂಡರೆ ರ‍್ಯಾಪರ್ ಬಿಸಾಡಬೇಡಿ. ದೂರು ಕೊಡೋವಾಗ ಬ್ಯಾಚ್ ನಂಬರ್ ಮತ್ತು ಎರಡೂ ಹೆಸರು ಇರೋ ಫೋಟೋ ಕೊಡಿ. 'ನಾವು ಮಾಡಿಲ್ಲ, ಮಾರೋದಷ್ಟೇ' ಅಂತ ಮಾರ್ಕೆಟಿಂಗ್ ಕಂಪನಿ ಕೈ ತೊಳ್ಕೊಳ್ಳೋ ಹಾಗಿಲ್ಲ. ಅವರ ಹೆಸರು ನೋಡಿ ತಾನೇ ನಾವು ಕೊಂಡಿದ್ದು?

ಆ ಜೂನಿಯರ್ ಈಗ ಪ್ರತಿ ಪ್ಯಾಕೆಟ್ಟನ್ನೂ ಮೊದಲು ಹಿಂದೆ ತಿರುಗಿಸ್ತಾನೆ, ಆಮೇಲೆ ಬಾಯಿಗೆ ಹಾಕ್ತಾನೆ. ರೂಮ್‌ಮೇಟ್ ಮಾತ್ರ ಇನ್ನೂ 28 ರೂಪಾಯಿಯದ್ದೇ ತರ್ತಾನೆ, ಆದರೆ ಎರಡೂ ಒಂದೇ ಅಂತ ಹೇಳೋದು ಬಿಟ್ಟಿದ್ದಾನೆ.