ಬಾಲ್ಕನಿಯ ಸೊಪ್ಪು: ಹಾಕಿದ ಹಣ ಮರಳುವುದು ಯಾವಾಗ?

ಬಾಲ್ಕನಿಯಲ್ಲಿ ಬೆಳೆದ ಸೊಪ್ಪಿನ ಬೆಲೆಯನ್ನು ಅದರ ತೂಕಕ್ಕೆ ಅಂಗಡಿಯ ದರವನ್ನು ಗುಣಿಸಿ ಕಂಡುಕೊಳ್ಳುವವರ ಲೆಕ್ಕ ಸಾಮಾನ್ಯವಾಗಿ ತಪ್ಪುತ್ತದೆ. ಏಕೆಂದರೆ ಸಂಸಾರದ ಕೈಯಲ್ಲಿ ನಿಜವಾಗಿ ಉಳಿಯುವುದು, ಆ ಸೊಪ್ಪು ಮನೆಯಲ್ಲಿದ್ದ ಕಾರಣದಿಂದ ಕೊಳ್ಳದೆ ಬಿಟ್ಟ ಕಟ್ಟಿನ ಹಣ ಮಾತ್ರ. ಇಲ್ಲಿ ಅದನ್ನು ‘ತಪ್ಪಿದ ಖರೀದಿ’ ಎಂದು ಕರೆಯಲಾಗಿದೆ. ಮೆಂತೆಯ ಸೊಪ್ಪು ಹುಲುಸಾಗಿ ಬಂದಿದೆಯೆಂಬ ಕಾರಣಕ್ಕೆ ಮನೆಯವರು ಹಿಂದೆಂದೂ ಮಾಡದ ಅಡುಗೆ ಮಾಡಿ ಉಂಡರೆ ಅದು ಸಂತೋಷದ ವಿಷಯವೇ ಆದರೂ ಉಳಿತಾಯದ ಪಟ್ಟಿಗೆ ಸೇರುವುದಿಲ್ಲ.

ಕಾಸರಗೋಡಿನ ವಿದ್ಯಾನಗರದಲ್ಲಿ ಈ ಲೆಕ್ಕಕ್ಕೆ ವಿಶೇಷವಾದ ಅರ್ಥವಿದೆ. ಜಿಲ್ಲಾಧಿಕಾರಿಗಳ ಕಚೇರಿ, ಸರಕಾರಿ ಕಾಲೇಜು ಮತ್ತು ಕೈಗಾರಿಕಾ ವಸಾಹತು ಒತ್ತಟ್ಟಿಗಿರುವ ಈ ಪ್ರದೇಶದಲ್ಲಿ ಬಾಡಿಗೆ ಮನೆಗಳಲ್ಲೂ ಫ್ಲ್ಯಾಟುಗಳಲ್ಲೂ ವಾಸಿಸುವ ಇಬ್ಬರು ಮೂವರ ಚಿಕ್ಕ ಸಂಸಾರಗಳಿವೆ. ಕೊತ್ತಂಬರಿ ಸೊಪ್ಪು, ಮೆಂತೆ ಸೊಪ್ಪುಗಳು ಬಹುಪಾಲು ಘಟ್ಟದ ಮೇಲಿನಿಂದ ಲಾರಿಯಲ್ಲಿ ಬರುವುದರಿಂದ ಅಂಗಡಿಗೆ ಮುಟ್ಟುವಾಗಲೇ ಅವುಗಳ ಆಯುಷ್ಯದ ಒಂದು ಭಾಗ ಕಳೆದಿರುತ್ತದೆ. ಒಂದು ಸಾರಿಗೆ ನಾಲ್ಕು ಎಸಳು ಸಾಕಾಗುವ ಮನೆಗೆ ಇಡೀ ಕಟ್ಟು ತಂದರೆ ಅರ್ಧ ಬಳಕೆಯಾಗಿ ಅರ್ಧ ಫ್ರಿಜ್ಜಿನಲ್ಲಿ ಕೊಳೆಯುತ್ತದೆ, ಮರುವಾರ ಮತ್ತೊಂದು ಕಟ್ಟು ಕೊಳ್ಳಬೇಕಾಗುತ್ತದೆ. ಬೇಕಾದಷ್ಟನ್ನೇ ಬೇಕಾದಾಗ ಚಿವುಟಿಕೊಳ್ಳುವ ಅನುಕೂಲವೇ ಬಾಲ್ಕನಿಯ ಕೃಷಿಯಲ್ಲಿ ಹಣ ಉಳಿಯುವ ಮುಖ್ಯ ದಾರಿ. ಆದುದರಿಂದ ದೊಡ್ಡ ಕುಟುಂಬಕ್ಕಿಂತ ಚಿಕ್ಕ ಕುಟುಂಬಕ್ಕೇ ಇದರ ಪ್ರಯೋಜನ ಹೆಚ್ಚು.

ಪುದೀನ, ಮೆಂತೆ, ಕೊತ್ತಂಬರಿ ಎಂಬ ಮೂರು ಸೊಪ್ಪುಗಳಲ್ಲಿ ಹಣದ ದೃಷ್ಟಿಯಿಂದ ಮೊದಲ ಸ್ಥಾನ ಪುದೀನಕ್ಕೆ ಸಲ್ಲುತ್ತದೆ. ಅಡುಗೆಗೆಂದು ತಂದ ಕಟ್ಟಿನಿಂದ ದಪ್ಪನೆಯ, ಕೊಳೆಯದ ಕಡ್ಡಿಗಳನ್ನು ಆರಿಸಿ, ಬೆರಳುದ್ದಕ್ಕೆ ಗೆಣ್ಣಿನ ಕೆಳಗೆ ಕತ್ತರಿಸಿ, ಅಡಿಭಾಗದ ಎಲೆಗಳನ್ನು ತೆಗೆದು, ನೆರಳಿನಲ್ಲಿ ನೀರಿನ ಲೋಟದಲ್ಲಿ ನಿಲ್ಲಿಸಿ ಎರಡು ದಿನಕ್ಕೊಮ್ಮೆ ನೀರು ಬದಲಿಸಿದರೆ ಒಂದು ವಾರದಿಂದ ಹತ್ತು ದಿನಗಳೊಳಗೆ ಬೇರು ಒಡೆಯುತ್ತದೆ. ಹೀಗಾಗಿ ಬೀಜದ ಖರ್ಚೇ ಇರುವುದಿಲ್ಲ. ಮಣ್ಣಿನ ಮೇಲ್ಪದರದಲ್ಲಿ ಅಡ್ಡಡ್ಡ ಹಬ್ಬುವ ಕಾಂಡಗಳಿಂದ ಈ ಗಿಡ ತನ್ನನ್ನು ತಾನು ಹೆಚ್ಚಿಸಿಕೊಳ್ಳುವುದರಿಂದ ಅದಕ್ಕೆ ಆಳಕ್ಕಿಂತ ಅಗಲ ಮುಖ್ಯವಾಗಿದ್ದು, ಹನ್ನೆರಡು ಸೆಂಟಿಮೀಟರ್ ಆಳದ ಬೇಸಿನ್ ಸಾಕಾಗುತ್ತದೆ. ಕೊಯ್ಯುವಾಗ ಎರಡು ಗೆಣ್ಣು ಬಿಟ್ಟು ಮೇಲಕ್ಕೆ ಕತ್ತರಿಸಿದರೆ ಉಳಿದ ಗೆಣ್ಣುಗಳಿಂದ ಇಬ್ಬದಿಗೂ ಕುಡಿ ಬರುತ್ತದೆ, ಒಂದೊಂದೇ ಎಲೆ ಕೀಳುತ್ತ ಹೋದರೆ ಕಾಂಡ ಉದ್ದವಾಗಿ ಬರಡಾಗುತ್ತದೆ. ವರ್ಷವಾಗುತ್ತಲೇ ಬೇಸಿನ್ನಿನ ತುಂಬ ಬೇರು ಹೆಣೆದುಕೊಂಡು ಎಲೆ ಚಿಕ್ಕದಾಗತೊಡಗುವುದೇ ಗಿಡವನ್ನು ಕಿತ್ತು, ಹೊಸ ಮಣ್ಣಿನಲ್ಲಿ ಎಳೆಯ ತುಂಡುಗಳನ್ನು ಮತ್ತೆ ನೆಡಬೇಕೆಂಬುದಕ್ಕೆ ಗುರುತು.

ಮೆಂತೆ ಬೇಗನೆ ಫಲ ಕೊಡುವ ಬೆಳೆಯಾದರೂ ಒಂದು ಬಿತ್ತನೆಗೆ ಒಂದೇ ಕೊಯ್ಲು ಎಂದು ಲೆಕ್ಕ ಹಿಡಿಯುವುದು ಕ್ಷೇಮ. 45 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಪಾತ್ರೆಗೆ ಸುಮಾರು 25 ಗ್ರಾಂ ಮೆಂತೆ ಬೇಕು. ಹಾಗೆ ಬಿತ್ತಿದಾಗ ಹೆಚ್ಚುಕಡಿಮೆ ಚದರ ಸೆಂಟಿಮೀಟರಿಗೆ ಒಂದು ಕಾಳು ಬೀಳುತ್ತದೆ. ರಾತ್ರಿಯಿಡೀ ನೆನೆಸಿದ ಕಾಳನ್ನು ಹರಡಿ ತೆಳುವಾಗಿ ಮಣ್ಣು ಮುಚ್ಚಿದರೆ ಮೂರು ನಾಲ್ಕು ದಿನಗಳಲ್ಲಿ ಮೊಳಕೆ ಮೇಲೆ ಬರುತ್ತದೆ, ಮೂರು ವಾರಗಳ ಆಸುಪಾಸಿನಲ್ಲಿ ಎಳೆಯ ಸೊಪ್ಪನ್ನು ಬೇರುಸಹಿತ ಕೀಳಬಹುದು. ಮುಂಬಯಿಯಲ್ಲಿ ಸಮುದ್ರದ ಬದಿಯ ಮರಳಿನಲ್ಲಿ ಬೆಳೆದು ಅಂಗೈಯಗಲದ ಪುಟ್ಟ ಕಟ್ಟುಗಳಾಗಿ ಮಾರುವ ‘ಸಮುದ್ರ ಮೇಥಿ’ ಇದೇ ಎಳೆಯ ಹಂತದ ಸೊಪ್ಪಾಗಿದ್ದು, ಆಳವಿಲ್ಲದ ಪಾತ್ರೆಗೆ ಅದಕ್ಕಿಂತ ಒಳ್ಳೆಯ ಮಾದರಿ ಇಲ್ಲ. ಮೆಂತೆಯು ಹೆಸರು, ಉದ್ದುಗಳಂತೆ ದ್ವಿದಳ ಕುಲದ ಗಿಡವಾದುದರಿಂದ ಅದಕ್ಕೆ ಹೆಚ್ಚು ಗೊಬ್ಬರ ಬೇಕಿಲ್ಲ. ದಿನಸಿ ಅಂಗಡಿಯ ಮೆಂತೆಯೇ ಬಿತ್ತನೆಗೆ ಆಗುತ್ತದೆ. ಕಿಲೋಗೆ ನೂರು ರೂಪಾಯಿಯ ಆಸುಪಾಸಿನ ದರ ಹಿಡಿದರೂ ಒಂದು ಬಿತ್ತನೆಯ ಖರ್ಚು ಎರಡೂವರೆ ರೂಪಾಯಿ ಮಾತ್ರ.

ಕೊತ್ತಂಬರಿ ಮಾತ್ರ ಈ ಊರಿನ ಹವೆಯಲ್ಲಿ ಹಟಮಾರಿ. ಬೀಜವೆಂದು ಕಾಣುವ ಉರುಟು ಕಾಳಿನೊಳಗೆ ನಿಜವಾಗಿ ಎರಡು ಬೀಜಗಳಿರುವುದರಿಂದ ಅದನ್ನು ಲಟ್ಟಣಿಗೆಯಿಂದ ಮೆಲ್ಲನೆ ಒತ್ತಿ ಎರಡಾಗಿ ಬೇರ್ಪಡಿಸಿ, ಒಂದು ದಿನ ನೆನೆಸಿ ಬಿತ್ತಬೇಕು. ಆದರೂ ಮೊಳಕೆಗೆ ಹತ್ತು ದಿನಗಳಾಗಬಹುದು, ಕೊಯ್ಲಿಗೆ ಆರು ವಾರಗಳೇ ಬೇಕಾಗಬಹುದು. ಅಡುಗೆಗೆಂದು ಮಾರುವ ಕಾಳು ಹಳತಾಗಿ ಜೀವ ಕಳೆದುಕೊಂಡಿರುವ ಸಂಭವವಿರುವುದರಿಂದ, ಮೊದಲು ಇಪ್ಪತ್ತು ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಅರ್ಧದಷ್ಟಾದರೂ ಮೊಳೆಯದಿದ್ದರೆ ಆ ಕಾಳನ್ನು ಅಡುಗೆಗೇ ಬಿಟ್ಟು ಬಿತ್ತನೆಯ ಬೀಜದ ಪೊಟ್ಟಣ ಕೊಳ್ಳುವುದು ಲಾಭಕರ. ನೇರವಾಗಿ ಕೆಳಗಿಳಿಯುವ ತಾಯಿಬೇರಿನ ಗಿಡವಾದುದರಿಂದ ಇದಕ್ಕೆ ಹದಿನೈದು ಸೆಂಟಿಮೀಟರಿಗೆ ಕಡಿಮೆಯಿಲ್ಲದ ಆಳ ಬೇಕು, ಸಸಿ ಕಿತ್ತು ಬೇರೆಡೆ ನೆಡುವುದು ಸಲ್ಲದು. ಸೆಕೆ ಏರುತ್ತಿದ್ದಂತೆ ಕೊತ್ತಂಬರಿ ಎಲೆ ಕೊಡುವುದನ್ನು ನಿಲ್ಲಿಸಿ ಹೂವಿಗೆ ತೊಡಗುತ್ತದೆ: ನಡುವಿನ ಕಾಂಡ ಏಕಾಏಕಿ ಎತ್ತರಕ್ಕೆ ಏಳುತ್ತದೆ, ಹೊಸ ಎಲೆಗಳು ಅಗಲ ಕಳೆದುಕೊಂಡು ನೂಲಿನಂತೆ ಸೀಳಾಗುತ್ತವೆ. ಈ ಗುರುತು ಕಂಡ ಮೇಲೆ ಗೊಬ್ಬರವಾಗಲಿ ನೀರಾಗಲಿ ಅದನ್ನು ಹಿಂದಕ್ಕೆ ತರಲಾರವು. ಕಾಸರಗೋಡಿನಲ್ಲಿ ನವೆಂಬರ್ ಕೊನೆಯಿಂದ ಜನವರಿಯವರೆಗೆ ಬಿತ್ತಿದರೆ ಮಾತ್ರ ಎರಡು ಮೂರು ಬಾರಿ ಹೊರ ಎಲೆಗಳನ್ನು ಕೊಯ್ಯಲು ಸಾಧ್ಯವಾಗುತ್ತದೆ.

ಪಾತ್ರೆ ಮತ್ತು ಮಣ್ಣಿನ ವಿಷಯದಲ್ಲಿ ಮಾಡುವ ಖರ್ಚೇ ಲಾಭನಷ್ಟವನ್ನು ನಿರ್ಧರಿಸುತ್ತದೆ. ವಿದ್ಯಾನಗರದ ಗುಡ್ಡದ ಮುರಕಲ್ಲಿನ ಮಣ್ಣು ಹುಳಿಯಂಶ ಹೆಚ್ಚಿರುವಂಥದು, ಪಾತ್ರೆಯಲ್ಲಿ ಒಣಗಿದಾಗ ಗಟ್ಟಿಯಾಗಿ ಬಿಗಿಯುವಂಥದು. ಅದನ್ನು ಹಾಗೆಯೇ ತುಂಬಿದರೆ ಎಳೆಯ ಬೇರು ಇಳಿಯದು. ಈ ಸೀಮೆಯ ಮಲ್ಲಿಗೆ ಬೆಳೆಗಾರರು ಬಹಳ ಹಿಂದಿನಿಂದ ಬಳಸುತ್ತಿರುವ ಸುಡುಮಣ್ಣು, ಎಂದರೆ ಮಣ್ಣನ್ನೂ ತರಗೆಲೆಯನ್ನೂ ಪದರ ಪದರವಾಗಿ ಪೇರಿಸಿ ನಿಧಾನವಾಗಿ ಹೊಗೆಯಾಡಿಸಿ ಪಡೆದ ಮಣ್ಣು, ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ: ಸುಡುವಾಗ ಕಳೆಯ ಬೀಜಗಳು ಸಾಯುತ್ತವೆ, ಬೂದಿಯ ಅಂಶ ಹುಳಿಯನ್ನು ತಗ್ಗಿಸುತ್ತದೆ. ಎರಡು ಪಾಲು ಸುಡುಮಣ್ಣಿಗೆ ಒಂದು ಪಾಲು ಎರೆಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಹುಡಿ ಸೇರಿಸಿದ ಮಿಶ್ರಣವು ಹಗುರವಾಗಿಯೂ ತೇವ ಹಿಡಿಯುವಂತೆಯೂ ಇರುತ್ತದೆ. ನಾರಿನ ಹುಡಿಯಲ್ಲಿ ಉಪ್ಪಿನಂಶವೂ ಕಂದು ಒಗರೂ ಇರುವುದರಿಂದ ನೀರು ತಿಳಿಯಾಗುವವರೆಗೆ ಎರಡು ಮೂರು ಸಲ ನೆನೆಸಿ ಹಿಂಡಿ ತೆಗೆಯುವುದನ್ನು ಮರೆಯಬಾರದು.

ಈಗ ಲೆಕ್ಕ. ಮೇಲೆ ಹೇಳಿದ ಅಳತೆಯ ಪಾತ್ರೆಗೆ ಹನ್ನೆರಡು ಸೆಂಟಿಮೀಟರ್ ಆಳ ತುಂಬಲು ಸುಮಾರು 16 ಲೀಟರ್ ಮಿಶ್ರಣ ಬೇಕು, ಕೊತ್ತಂಬರಿಯ ಪಾತ್ರೆಗೆ ಆಳ ಹೆಚ್ಚಿರುವುದರಿಂದ ಇನ್ನೂ ಸ್ವಲ್ಪ ಹೆಚ್ಚು, ಮೂರು ಪಾತ್ರೆಗೆ ಸೇರಿ ಸುಮಾರು 50 ಲೀಟರ್. ಬೇಸಿನ್ನಿಗೆ 120ರಂತೆ 360 ರೂಪಾಯಿ, ನಾರಿನ ಹುಡಿಯ ಎರಡು ಇಟ್ಟಿಗೆಗಳಿಗೆ 100 ರೂಪಾಯಿ, ಏಳು ಕಿಲೋ ಎರೆಗೊಬ್ಬರಕ್ಕೆ 140 ರೂಪಾಯಿ ಎಂದು ಹಿಡಿದರೆ, ಸುಡುಮಣ್ಣು ಪರಿಚಯದವರ ತೋಟದಿಂದ ಪುಕ್ಕಟೆ ಬಂದಾಗ ಮೂಲ ಬಂಡವಾಳ, ಅಂದರೆ ಒಮ್ಮೆ ಮಾತ್ರ ಹಾಕುವ ಹಣ, 600 ರೂಪಾಯಿ. ವರ್ಷವರ್ಷವೂ ಬರುವ ಆವರ್ತಕ ಖರ್ಚು, ಬೀಜಕ್ಕೂ ಮೂರು ಕಿಲೋ ಗೊಬ್ಬರಕ್ಕೂ ಸೇರಿ, 80 ರೂಪಾಯಿ. ಇನ್ನು ಜಮೆಯ ಬದಿಗೆ ಬಂದರೆ, ಈ ಅಂಕಣಕಾರರದಂಥ ಚಿಕ್ಕ ಮನೆಯ ಅನುಭವದಲ್ಲಿ ಪುದೀನ ವರ್ಷದ ಒಂಬತ್ತು ತಿಂಗಳು ತಿಂಗಳಿಗೆ ಹತ್ತು ರೂಪಾಯಿಯ ಎರಡು ಕಟ್ಟುಗಳ ಖರೀದಿಯನ್ನು ತಪ್ಪಿಸುತ್ತದೆ, ಅಂದರೆ 180 ರೂಪಾಯಿ. ಮೆಂತೆಯ ಐದು ಬಿತ್ತನೆಗಳಿಂದ ಇಪ್ಪತ್ತರಂತೆ 100 ರೂಪಾಯಿ. ಕೊತ್ತಂಬರಿಯ ಎರಡು ಬಿತ್ತನೆಗಳಿಂದ 80 ರೂಪಾಯಿ. ಒಟ್ಟು 360ರಲ್ಲಿ 80 ಕಳೆದು ನಿಲ್ಲುವುದು 280 ರೂಪಾಯಿಯಾಗಿರುವುದರಿಂದ ಹಾಕಿದ ಹಣ ಮರಳಲು ಎರಡು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಬೇಕು.

ಈ ಅಂಕಿಗಳು ಊರಿಂದ ಊರಿಗೆ, ಮನೆಯಿಂದ ಮನೆಗೆ ಬದಲಾಗುವಂಥವು. ಆದರೆ ಅವು ತೋರಿಸುವ ದಿಕ್ಕು ಬದಲಾಗುವುದಿಲ್ಲ. ಮೀನಿನ ಅಂಗಡಿಯವರು ಐಸು ತುಂಬಿ ತರಿಸುವ ಥರ್ಮೋಕೋಲ್ ಪೆಟ್ಟಿಗೆಗಳನ್ನು ಕೇಳಿ ಪಡೆದು, ಉಪ್ಪು ಮತ್ತು ವಾಸನೆ ಹೋಗುವಂತೆ ತೊಳೆದು, ಬೇಕಾದ ಆಳಕ್ಕೆ ಕೊಯ್ದು, ತಳದಲ್ಲಿ ಬೆರಳು ತೂರುವಷ್ಟು ಏಳೆಂಟು ತೂತು ಮಾಡಿಕೊಂಡರೆ 360 ರೂಪಾಯಿ ಉಳಿದು, ಮಿಕ್ಕ 240 ರೂಪಾಯಿ ಮೊದಲ ವರ್ಷದಲ್ಲೇ ಮರಳುತ್ತದೆ. ಅದೇ ಎರಡು ಸಾವಿರ ರೂಪಾಯಿಯ ಸಿದ್ಧ ಕಿಟ್ ಕೊಂಡರೆ ಹಣ ಮರಳಲು ಏಳು ವರ್ಷ ದಾಟಬೇಕು, ಅಷ್ಟರೊಳಗೆ ಪಡುವಣ ಬಾಲ್ಕನಿಯ ಬಿಸಿಲಿಗೆ ಪ್ಲಾಸ್ಟಿಕ್ಕು ಬಿರಿದಿರುತ್ತದೆ. ಸೊಪ್ಪಿಗಾಗಿ ಅಂಥ ಕಿಟ್ ಕೊಳ್ಳುವುದು ಖರ್ಚೇ ಹೊರತು ಉಳಿತಾಯವಲ್ಲವೆಂದು ಸ್ಪಷ್ಟವಾಗಿ ಹೇಳಬೇಕಾಗಿದೆ.

ಈ ಲೆಕ್ಕವನ್ನು ಬುಡಮೇಲು ಮಾಡಬಲ್ಲವು ಎರಡು: ಮಳೆಗಾಲ ಮತ್ತು ಬೇಸಗೆಯ ನೀರು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಬೀಳುವ ಈ ಜಿಲ್ಲೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒತ್ತಾಗಿ ಬಿತ್ತಿದ ಮೆಂತೆಗೆ ಬುಡಕೊಳೆ ತಗಲುತ್ತದೆ. ಸಸಿಯ ಬುಡ ಮಣ್ಣಿನ ಮಟ್ಟದಲ್ಲಿ ನೀರುನೀರಾಗಿ ಸಪೂರವಾಗಿ, ಪಾತ್ರೆಯ ಒಂದು ಮೂಲೆಯಿಂದ ತೊಡಗಿ ಸಸಿಗಳು ಗುಂಪಾಗಿ ಮಗುಚಿ ಬೀಳುವುದು ಇದರ ಲಕ್ಷಣ. ಕಂಡೊಡನೆ ಆ ಭಾಗವನ್ನು ಮಣ್ಣುಸಹಿತ ತೆಗೆದುಹಾಕಿ ನೀರು ನಿಲ್ಲಿಸಿದರೆ ಉಳಿದದ್ದು ದಕ್ಕೀತು, ಆದರೆ ಆ ತಿಂಗಳುಗಳಲ್ಲಿ ಬಿತ್ತದಿರುವುದೇ ಮಿತವ್ಯಯ. ಇನ್ನು ಮಾರ್ಚ್ ಕಳೆದ ಮೇಲೆ ಕರಾವಳಿಯ ಬಾವಿಗಳಲ್ಲಿ ನೀರು ಸವುಳಾಗುವುದುಂಟು. ಚಂದ್ರಗಿರಿ ಹೊಳೆಗೆ ಸಮುದ್ರದ ಉಪ್ಪುನೀರು ಏರಿ ಕಾಸರಗೋಡಿನ ಕುಡಿಯುವ ನೀರು ಕೆಡುತ್ತಿದ್ದುದರಿಂದಲೇ ಬಾವಿಕ್ಕರೆಯಲ್ಲಿ ಅಡ್ಡಕಟ್ಟು ನಿರ್ಮಿಸಬೇಕಾಯಿತು. ನೀರಿನಲ್ಲಿ ಉಪ್ಪು ಸೇರಿದಾಗ ಕೊತ್ತಂಬರಿಯ ಎಲೆಯಂಚು ಮೊದಲು ಕಂದಾಗಿ ಸುಡುತ್ತದೆ, ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ; ನೀರನ್ನು ಟ್ಯಾಂಕರಿನಿಂದ ಕೊಳ್ಳಬೇಕಾಗಿ ಬಂದ ಮನೆಯಲ್ಲಂತೂ ಬೇಸಗೆಯ ಸೊಪ್ಪಿನ ಲೆಕ್ಕ ಮುಗಿದಂತೆಯೇ. ಆಗ ಅಕ್ಕಿ ತೊಳೆದ ನೀರಿನಿಂದ ಪುದೀನವೊಂದನ್ನು ನೆರಳಿನಲ್ಲಿ ಉಳಿಸಿಕೊಂಡರೆ ಸಾಕು.

ಆದುದರಿಂದ ಹೊಸದಾಗಿ ತೊಡಗುವವರು ತುಲಾಮಾಸದ ಮಳೆ ಇಳಿದ ಮೇಲೆ ಒಂದೇ ಪೆಟ್ಟಿಗೆಯಲ್ಲಿ ಪುದೀನ ನೆಟ್ಟು, ಅದರಿಂದ ತಪ್ಪಿದ ಖರೀದಿಯನ್ನು ಮೂರು ತಿಂಗಳು ಮನೆಯ ಲೆಕ್ಕಪುಸ್ತಕದಲ್ಲಿ ಬರೆದಿಟ್ಟು, ಆ ಹಣ ಎರಡನೆಯ ಪೆಟ್ಟಿಗೆಯ ಮಣ್ಣು ಗೊಬ್ಬರಕ್ಕೆ ಸಾಲುವಷ್ಟಾದಾಗ ಮಾತ್ರ ಮೆಂತೆ ಬಿತ್ತಲಿ. ಕೊತ್ತಂಬರಿಯನ್ನು ಮುಂದಿನ ಡಿಸೆಂಬರಿಗೆ ಇಟ್ಟುಕೊಳ್ಳಲಿ.