ಇ-ಮೇಲ್‌ನಲ್ಲಿ ಕನ್ನಡ ಚೌಕಗಳಾಗುವುದೇಕೆ?

ಭಾಲ್ಕಿ ತಾಲ್ಲೂಕಿನ ‘ಮೆಹಕರ’ ಎಂಬ ಹೆಸರು ಇ-ಮೇಲ್‌ನಲ್ಲಿ ಮೂರು ಬಗೆಯಲ್ಲಿ ಕೆಡಬಹುದು. ಕೆಟ್ಟ ರೂಪ ನೋಡಿಯೇ ಕಾರಣ ಗುರುತಿಸಬಹುದು.

1. ಖಾಲಿ ಚೌಕಗಳು (□□□): ಸಂಕೇತ ಸರಿಯಾಗಿಯೇ ತಲುಪಿದೆ; ಓದುವವರ ಸಾಧನದಲ್ಲಿ ಕನ್ನಡ ಫಾಂಟ್ ಇಲ್ಲ. ಪರಿಹಾರ: ತುಂಗಾದಂಥ ಯೂನಿಕೋಡ್ ಫಾಂಟ್ ಅಳವಡಿಕೆ.

2. à²® ಮಾದರಿ: ಯೂನಿಕೋಡ್‌ನಲ್ಲಿ ‘ಮ’ ಅಕ್ಷರದ ಸಂಖ್ಯೆ U+0CAE. UTF-8ರಲ್ಲಿ ಅದು E0 B2 AE ಎಂಬ 3 ಬೈಟ್‌ಗಳಾಗಿ ಹೋಗುತ್ತದೆ. ಮೇಲ್ ತಂತ್ರಾಂಶ ಅದನ್ನು Windows-1252 ಎಂದು ಓದಿದರೆ ಒಂದೊಂದು ಬೈಟೂ ಒಂದೊಂದು ಚಿಹ್ನೆಯಾಗುತ್ತದೆ. ಪರಿಹಾರ: ಎನ್‌ಕೋಡಿಂಗ್ ಅನ್ನು UTF-8ಕ್ಕೆ ಬದಲಿಸುವುದು.

3. ªÉÄºÀPÀgÀ ಮಾದರಿ: ಇದು ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ ಪಠ್ಯ. ಒಳಗಿರುವುದು ಲ್ಯಾಟಿನ್ ಸಂಕೇತಗಳು. ಆ ಫಾಂಟ್ ಅವಕ್ಕೆ ಕನ್ನಡದ ರೂಪ ಕೊಟ್ಟಿತ್ತು. ಯೂನಿಕೋಡ್ ಫಾಂಟ್ ಹಾಕಿದರೆ ಇದು ಸರಿಹೋಗದು; ಪರಿವರ್ತಕ ಬಳಸಿ ಪಠ್ಯವನ್ನೇ ಯೂನಿಕೋಡ್‌ಗೆ ಬದಲಿಸಬೇಕು.